ಬಾಕಿ ಕೇಳುವ ಮುನ್ನ

ಹೋದ ವರ್ಷ ಆಗಸ್ಟ್ 24ರಂದು ಬೆಳಿಗ್ಗೆ ಅಂಗಡಿಯ ಮೊಬೈಲಿಗೆ ಒಂದು ಉತ್ತರ ಬಂತು. ‘ಅಪ್ಪ ತೀರಿಕೊಂಡು ಹತ್ತು ದಿನ ಆಯ್ತು. ನೀವು ಯಾರು?’

ಮೇಲೆ ನಾವು ಕಳಿಸಿದ್ದ ಸಂದೇಶ ಇತ್ತು. ‘ಗೌರವಾನ್ವಿತ ಗ್ರಾಹಕರೇ, ನಿಮ್ಮ ಖಾತೆಯಲ್ಲಿ ರೂ. 21,265 ಬಾಕಿ ಇದೆ. ತಕ್ಷಣ ಪಾವತಿಸಿ ಸಹಕರಿಸಿ.’ ಆ ಸಂದೇಶವನ್ನು ಯಾರೂ ಕೂತು ಬರೆದದ್ದಲ್ಲ. ಪ್ರತಿ ತಿಂಗಳು 24ನೇ ತಾರೀಕು ಉದ್ರಿ ಇರುವ ಎಲ್ಲರಿಗೂ ತಾನಾಗಿಯೇ ಹೋಗುವಂತೆ ನಾನೇ ಸಾಫ್ಟ್‌ವೇರಿನಲ್ಲಿ ಹೊಂದಿಸಿದ್ದೆ. ಬಿ.ಕಾಂ ಮುಗಿಸಿ ರಾಣೆಬೆನ್ನೂರಿನ ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಮಾಡಿದ ಈ ಸುಧಾರಣೆಗೆ ಬೆನ್ನು ತಟ್ಟಿಸಿಕೊಂಡಿದ್ದೆ ಕೂಡ.

ಸತ್ತವರು ಹನ್ನೆರಡು ವರ್ಷಗಳಿಂದ ನಮ್ಮ ಗಿರಾಕಿ. ನಮ್ಮ ಕಡೆ ಹಿರಿಯ ಗಿರಾಕಿಗಳನ್ನು ಕಾಕಾ ಅಂತಲೇ ಕರೆಯುವುದು. ಆಗಸ್ಟ್ 14ರಂದು ಎದೆನೋವು ಬಂದು ಕಾಕಾ ಹೋಗಿಬಿಟ್ಟಿದ್ದರು. ನಮ್ಮ ಸಾವ್ಕಾರ್ರು ಮಣ್ಣಿಗೆ ಹೋಗಿ ಬಂದಿದ್ದರು. ಅಂಗಡಿಯಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕಂಪ್ಯೂಟರಿಗೆ ಮಾತ್ರ. ಅದಕ್ಕೆ ಹೇಳಬೇಕಾದವನು ನಾನು, ಹೇಳಿರಲಿಲ್ಲ. ಮಾರನೆಯ ದಿನ ಅವರ ಮನೆಯಲ್ಲಿ ಹನ್ನೊಂದನೇ ದಿನದ ಕಾರ್ಯ ಇತ್ತು.

ಗಾಬರಿಯಲ್ಲಿ ನಾನು ‘ಸಾರಿ, ಅದು ಆಟೋಮ್ಯಾಟಿಕ್ ಮೆಸೇಜ್’ ಎಂದು ಟೈಪ್ ಮಾಡಿದೆ. ಕಳಿಸುವ ಮುಂಚೆ ಸಾವ್ಕಾರ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ‘ಮಷೀನಿನ ಮ್ಯಾಲ ಯಾಕ ಹಾಕ್ತಿ? ತಪ್ಪು ನಮ್ದು ಅಂತ ಬರಿ. ರೊಕ್ಕದ ಮಾತು ಎತ್ತಬ್ಯಾಡ’ ಎಂದರು. ಕೊನೆಗೆ ಹೋದದ್ದು ಇಷ್ಟು:

‘ತಂಗೀ, ಕಾಕಾ ಗೊಬ್ಬರ ಒಯ್ಯುತ್ತಿದ್ದ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ಕಾಕಾ ಇಲ್ಲ ಎಂದು ಗೊತ್ತಿದ್ದೂ ಈ ಮೆಸೇಜ್ ಬಂದದ್ದು ನನ್ನ ತಪ್ಪು. ಅದನ್ನು ಅಳಿಸಿಬಿಡು. ಇನ್ನು ಮುಂದೆ ಅಪ್ಪನ ಈ ನಂಬರಿಗೆ ಇಂಥದ್ದು ಬರುವುದಿಲ್ಲ. ಅವ್ವನಿಗೆ, ಮನೆಯವರಿಗೆ ನಮ್ಮ ನಮಸ್ಕಾರ ಹೇಳು.’

ಅತ್ತಲಿಂದ ಉತ್ತರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ನಾನು ಆ ನಂಬರಿಗೆ ಹೋಗುವ ಎಲ್ಲ ಸಂದೇಶಗಳನ್ನು ನಿಲ್ಲಿಸಿದೆ. ಬಾಕಿಯ ಜೊತೆಗೆ ಹಬ್ಬದ ಶುಭಾಶಯ, ಹೊಸ ಬೀಜದ ಜಾಹೀರಾತುಗಳನ್ನೂ ನಿಲ್ಲಿಸಿದೆ. ಇಲ್ಲದಿದ್ದರೆ ಗಣೇಶ ಚೌತಿಗೆ ಮತ್ತೊಂದು ಹೋಗುತ್ತಿತ್ತು.

ಸುಮ್ಮನಿದ್ದರೆ ಆಗದೇ?

ಒಂದು ವಾರದ ನಂತರ ನಾನು ಸಾವ್ಕಾರ್ರನ್ನು ಕೇಳಿದೆ, ‘ಈ ಬಾಕಿ ಬಿಟ್ಟುಬಿಡೋದಾ?’ ಅವರು ಬಿಡುವ ಸ್ಥಿತಿಯಲ್ಲಿರಲಿಲ್ಲ. ರೈತರಿಗೆ ಬಿತ್ತನೆ ಸಮಯದಲ್ಲಿ ಕೊಟ್ಟ ಉದ್ರಿ ಫಸಲು ಮಾರಿದ ಮೇಲೆ ಬರುತ್ತದೆ. ಅಂಗಡಿಯವರು ಹೋಲ್‌ಸೇಲ್‌ನವರಿಗೆ ಅಷ್ಟು ದಿನ ಕಾಯಿರಿ ಎನ್ನುವಂತಿಲ್ಲ. ನಡುವಿನ ನಾಲ್ಕೈದು ತಿಂಗಳು ಅಂಗಡಿಯ ಸ್ವಂತ ಹಣ ಹೊಲದಲ್ಲಿರುತ್ತದೆ.

ಆದರೆ ಹೇಳದೇ ಇರುವುದು ಆ ಮನೆಗೂ ಒಳ್ಳೆಯದಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು. ಮನೆಯ ಯಜಮಾನ ಹೋದ ಮೇಲೆ ಯಾರು ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಹಲವು ಮನೆಗಳಲ್ಲಿ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಮೆಕ್ಕೆಜೋಳ ಮಾರಿ ಬಂದ ಹಣವನ್ನು ಹಂಚಿ, ಖರ್ಚು ಮಾಡಿ, ಮಗಳ ಕಾಲೇಜು ಶುಲ್ಕ ಕಟ್ಟಿ ಮುಗಿಸಿದ ಮೇಲೆ ಅಂಗಡಿಯವರು ಹೋಗಿ ‘ನಮ್ಮದೂ ಇತ್ತು’ ಎಂದರೆ ಅದು ಇನ್ನೂ ದೊಡ್ಡ ಪೆಟ್ಟು. ಕಾರ್ಯ ಮುಗಿಯುವ ಮುಂಚೆ ಹೇಳಬಾರದು, ಫಸಲಿನ ಹಣ ಕೈಸೇರುವ ಹೊತ್ತಿಗೆ ಹೇಳಿರಬೇಕು. ಈ ಎರಡರ ನಡುವೆ ಸಿಗುವ ಕಾಲವೇ ಸರಿಯಾದ ಕಾಲ. ನಮ್ಮ ವಿಷಯದಲ್ಲಿ ಅದು ಸೆಪ್ಟೆಂಬರ್ ಮೂರನೇ ವಾರ.

ಈ ಲೆಕ್ಕ ಎಲ್ಲ ಮನೆಗೂ ಒಂದೇ ಅಲ್ಲ. ಕೆಲವರಲ್ಲಿ ಹನ್ನೊಂದು ದಿನಕ್ಕೆ, ಕೆಲವರಲ್ಲಿ ಹದಿಮೂರಕ್ಕೆ ಕಾರ್ಯ ಮುಗಿಯುತ್ತದೆ. ಮುಸ್ಲಿಂ ಮನೆಗಳಲ್ಲಿ ಪತ್ನಿಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ ಇರುತ್ತದೆ. ಅಲ್ಲಿ ಮಗನನ್ನೋ ಅಣ್ಣತಮ್ಮಂದಿರನ್ನೋ ಮಾತಾಡಿಸುವುದು ಸರಿ. ಬ್ಯಾಂಕುಗಳ ಬಾಕಿ ವಸೂಲಿ ಸಂಹಿತೆಗಳಲ್ಲೂ ಸಾವಿನಂಥ ಸಂದರ್ಭದಲ್ಲಿ ಕರೆ ಮಾಡಬಾರದು, ಮನೆಗೆ ಹೋಗಬಾರದು ಎಂದಿದೆ. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಈ ನಿಯಮಗಳು ಗೊಬ್ಬರದ ಅಂಗಡಿಗೆ ಅನ್ವಯಿಸುವುದಿಲ್ಲ, ನಿಜ. ಆದರೂ ಅನುಸರಿಸಲು ಯಾವ ಅಡ್ಡಿಯೂ ಇಲ್ಲ.

ಮೊದಲು ಲೆಕ್ಕ, ಆಮೇಲೆ ಅಕ್ಷರ

ಬರೆಯಲು ಕೂರುವ ಮುಂಚೆ ಸಾವ್ಕಾರ್ರು, ‘ಕಂಪ್ಯೂಟರ್ ಬಿಡು, ಬಿಲ್ ಪುಸ್ತಕ ತಗಿ’ ಎಂದರು. ಕಾರ್ಬನ್ ಪ್ರತಿಗಳನ್ನು ಒಂದೊಂದಾಗಿ ತೆಗೆದು ಬರೆದೆ.

ಜೂನ್ 8ರಂದು ಮೆಕ್ಕೆಜೋಳದ ಬೀಜದ 8 ಪಾಕೀಟು, ಒಂದಕ್ಕೆ 1,500ರಂತೆ 12,000. ಅದೇ ದಿನ ಡಿಎಪಿ 8 ಚೀಲ, ಒಂದಕ್ಕೆ 1,350ರಂತೆ 10,800. ಜೂನ್ 30ಕ್ಕೆ ಕಳೆನಾಶಕ 3,400. ಜುಲೈ 12ಕ್ಕೆ ಯೂರಿಯಾ 10 ಚೀಲ, 2,665. ಒಟ್ಟು 28,865. ಜುಲೈ 20ರಂದು ಕಾಕಾ 10,000 ಕಟ್ಟಿದ್ದರು. ಉಳಿದದ್ದು 18,865.

ಆದರೆ ಕಂಪ್ಯೂಟರ್ ತೋರಿಸುತ್ತಿದ್ದದ್ದು 21,265. ಹೆಚ್ಚಾಗಿದ್ದ 2,400 ಯಾವುದು ಎಂದು ಹುಡುಕಿದರೆ, ಆಗಸ್ಟ್ 17ರಂದು ಸೈನಿಕ ಹುಳುವಿಗೆ ಒಯ್ದ ಔಷಧಿಯ ಲೆಕ್ಕ. ಕಾಕಾ ಹೋದದ್ದು 14ರಂದು. ಬಿಲ್ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಪಕ್ಕದ ಹಳ್ಳಿಯ ಹೆಸರಿತ್ತು. ಒಂದೇ ಹೆಸರಿನ ಇಬ್ಬರು ಗಿರಾಕಿಗಳಲ್ಲಿ ಯಾರೋ ಪರದೆಯ ಮೇಲೆ ಮೊದಲು ಕಂಡವರನ್ನು ಒತ್ತಿದ್ದರು.

ನನಗೆ ಮೈಯೆಲ್ಲ ತಣ್ಣಗಾಯಿತು. ಸತ್ತ ಮೂರು ದಿನದ ಮೇಲೆ ಬಂದು ಔಷಧಿ ಒಯ್ದ ಲೆಕ್ಕವನ್ನು ಹೆಂಡತಿ ಮಕ್ಕಳ ಮುಂದೆ ಇಟ್ಟಿದ್ದರೆ ಎಷ್ಟು ಮೆತ್ತಗಿನ ಮಾತೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಬದುಕಿರುವ ಗಿರಾಕಿ ‘ಇದು ನಾನು ಒಯ್ದಿಲ್ಲ’ ಎಂದು ಜಗಳ ಮಾಡಿ ತಪ್ಪು ಹಿಡಿಯುತ್ತಾನೆ. ಸತ್ತವರ ಖಾತೆಯಲ್ಲಿ ಆ ಜಗಳ ಮಾಡುವವರಿಲ್ಲ. ಅವರ ಪರವಾಗಿ ನಾವೇ ಹುಡುಕಬೇಕು. ಕೊನೆಯ ಒಂದು ತಿಂಗಳ ಪ್ರತಿ ನಮೂದಿನ ತಾರೀಕು, ಊರು, ಸಾಮಾನು ಒಯ್ದವರ ಸಹಿ, ಜಮಾ ಆಗದೆ ಉಳಿದ ಹಣ ಇಷ್ಟನ್ನು ನೋಡಿದರೆ ಸಾಮಾನ್ಯವಾಗಿ ತಪ್ಪು ಸಿಕ್ಕಿಬಿಡುತ್ತದೆ.

ಯಾರಿಗೆ ಬರೆಯುವುದು?

ಕಾಕಾ ಅವರ ನಂಬರಿಗೆ ಅಂತೂ ಬರೆಯುವಂತಿಲ್ಲ. ಆ ಫೋನು ಮಗಳ ಕೈಯಲ್ಲಿತ್ತು. ಅವಳು ಇನ್ನೂ ಪಿಯುಸಿ ಓದುವ ಹುಡುಗಿ. ಅವರ ತಮ್ಮ ಗೊಬ್ಬರಕ್ಕೆ ಬಂದಾಗ ನಾನು ಕೇಳಿದ್ದು ಇಷ್ಟೇ, ‘ಅಣ್ಣಾರ ಖಾತಿ ವಿಚಾರ ಮನ್ಯಾಗ ಯಾರಿಗೆ ತಿಳಿಸಬೇಕ್ರಿ?’ ಮೊತ್ತ ಹೇಳಲಿಲ್ಲ. ಅಣ್ಣತಮ್ಮಂದಿರ ನಡುವೆ ಹೊಲ ಮನೆಯ ಪಾಲು ಆಗಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಒಬ್ಬರ ಸಾಲದ ಮೊತ್ತವನ್ನು ಇನ್ನೊಬ್ಬರ ಕಿವಿಗೆ ಹಾಕಿದರೆ ಅದು ಸಂಜೆಯೊಳಗೆ ಊರ ಕಟ್ಟೆಗೆ ಬರುತ್ತದೆ. ಅವರು ಯೋಚಿಸಿ ಹೇಳಿದರು, ‘ವೈನಿಗೇ ಬರೀರಿ. ಫೋನ್ ಮಾಡಬ್ಯಾಡ್ರಿ, ಅಳತಾರ. ಬರದ್ರ ಎರಡು ಸಲ ಓದಿ ತಿಳಕೊಂತಾರ.’

ಅಷ್ಟರಲ್ಲಿ ಅಂಗಡಿಗೆ ಬರುವ ವಕೀಲರೊಬ್ಬರನ್ನು ಸಾವ್ಕಾರ್ರು ಕೇಳಿದ್ದರು. ಅವರು ಹೇಳಿದ ಎರಡು ವಿಷಯ ನನ್ನ ಒಕ್ಕಣೆಯನ್ನೇ ಬದಲಿಸಿದವು.

ಮೊದಲನೆಯದು, ಸಾಲ ಸತ್ತವರದ್ದು. ಅದು ತೀರಬೇಕಾದದ್ದು ಅವರು ಬಿಟ್ಟುಹೋದ ಆಸ್ತಿಯಿಂದ. ವಾರಸುದಾರರ ಹೊಣೆ ತಮ್ಮ ಕೈಗೆ ಬಂದ ಆ ಆಸ್ತಿಯ ಮಟ್ಟಿಗೆ ಮಾತ್ರ. ಹೆಂಡತಿಯೋ ಮಗಳೋ ತಮ್ಮ ಸ್ವಂತ ದುಡಿಮೆಯಿಂದ ಕಟ್ಟಲೇಬೇಕು ಎಂದು ಕಾನೂನು ಹೇಳುವುದಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಕಾರಣವೊಂದರಿಂದಲೇ ಮಗನ ಮೇಲೆ ದಾವೆ ಹೂಡುವ ಹಳೆಯ ಹಾದಿಯನ್ನೂ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಮುಚ್ಚಿದೆ. ಹಾಗಾಗಿ ‘ನಿಮ್ಮ ಬಾಕಿ’ ಎಂದು ಕಾಕುಗೆ ಬರೆಯುವುದು ಒರಟಷ್ಟೇ ಅಲ್ಲ, ತಪ್ಪು. ‘ಅವರ ಖಾತೆಯಲ್ಲಿ ಉಳಿದದ್ದು’ ಎಂಬುದೇ ಸರಿ.

ಎರಡನೆಯದು, ಸಾಮಾನು ಕೊಟ್ಟ ಹಣಕ್ಕೆ ದಾವೆ ಹೂಡಲು ಮೂರು ವರ್ಷದ ಅವಧಿ ಇರುತ್ತದೆ. ಜೂನ್‌ನಲ್ಲಿ ಕೊಟ್ಟ ಬೀಜಕ್ಕೆ ಸೆಪ್ಟೆಂಬರ್‌ನಲ್ಲಿ ‘ತಕ್ಷಣ’ ಎನ್ನುವ ತುರ್ತು ಏನೂ ಇಲ್ಲ. ಸಾವ್ಕಾರ್ರ ಮನಸ್ಸಿನಲ್ಲಿ ಒಂದು ಪ್ರಾಮಿಸರಿ ನೋಟಿಗೆ ಕಾಕು ಸಹಿ ತೆಗೆದುಕೊಳ್ಳುವ ವಿಚಾರ ಇತ್ತು. ‘ಅದಕ್ಕೆ ಸಹಿ ಹಾಕಿದರೆ ಗಂಡನ ಸಾಲ ಆಕೆಯ ಸ್ವಂತ ಸಾಲ ಆಗುತ್ತದೆ. ಈ ಹೊತ್ತಿನಲ್ಲಿ ಅದನ್ನು ಕೇಳಬೇಡಿ’ ಎಂದರು ವಕೀಲರು. ಸಾವ್ಕಾರ್ರು ಆ ಮಾತು ಅಲ್ಲಿಗೇ ಬಿಟ್ಟರು.

‘ಆದರೆ’ ತೆಗೆದ ಮೇಲೆ

ನಾನು ಬರೆದ ಮೊದಲ ಕರಡು ಇನ್ನೂ ನನ್ನ ಬಳಿ ಇದೆ. ‘ಕಾಕಾ ತೀರಿಕೊಂಡ ವಿಷಯ ತಿಳಿದು ತುಂಬಾ ದುಃಖವಾಯಿತು. ದೇವರು ಅವರ ಆತ್ಮಕ್ಕೆ ಶಾಂತಿ ನೀಡಲಿ. ಆದರೆ ಅವರ ಬಾಕಿ ಇನ್ನೂ ತೀರಿಲ್ಲ. ದಯವಿಟ್ಟು ಆದಷ್ಟು ಬೇಗ ತೀರಿಸಬೇಕಾಗಿ ವಿನಂತಿ.’

ಇದನ್ನು ಮನೆಯಲ್ಲಿ ಅವ್ವನಿಗೆ ಓದಿ ಹೇಳಿದೆ. ಅವಳು ‘ತೀರಿಕೊಂಡ್ರು, ತೀರಿಲ್ಲ, ತೀರಿಸ್ರಿ... ಏನಪಾ ಇದು?’ ಎಂದಳು. ನಾನು ಗಮನಿಸಿಯೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಮನುಷ್ಯ ತೀರುವುದಕ್ಕೂ ಸಾಲ ತೀರುವುದಕ್ಕೂ ಒಂದೇ ಮಾತು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದರೆ, ಮನುಷ್ಯ ತೀರಿದರೂ ಸಾಲ ತೀರಲಿಲ್ಲ ಎಂದು ಕುಟುಕಿದಂತೆ ಕೇಳುತ್ತದೆ.

ಅದಕ್ಕಿಂತ ಕೆಟ್ಟದ್ದು ಆ ‘ಆದರೆ’. ಅದರ ಹಿಂದೆ ಎಷ್ಟೇ ಸಂತಾಪ ಬರೆಯಿರಿ, ಓದುವವರಿಗೆ ಅದು ಹಣ ಕೇಳಲು ಹಾಕಿದ ಪೀಠಿಕೆಯಾಗಿಯೇ ಕಾಣುತ್ತದೆ. ಇದಕ್ಕೆ ಒಂದೇ ದಾರಿ, ಸಂತಾಪವನ್ನೂ ಬಾಕಿಯನ್ನೂ ಬೇರೆ ಮಾಡುವುದು. ಸಂತಾಪ ಸಾವಿನ ಹೊತ್ತಿನಲ್ಲೇ ಹೋಗಬೇಕು, ಒಂಟಿಯಾಗಿ ಹೋಗಬೇಕು. ಸಾವ್ಕಾರ್ರು ಮಣ್ಣಿಗೆ ಹೋಗಿದ್ದೇ ನಮ್ಮ ಅಂಗಡಿಯ ಸಂತಾಪ. ತಿಂಗಳ ನಂತರದ ಪತ್ರದಲ್ಲಿ ಮತ್ತೆ ದುಃಖ ತೋಡಿಕೊಳ್ಳುವ ಅಗತ್ಯವಿಲ್ಲ. ಅಲ್ಲಿ ಮಾಡಬೇಕಾದದ್ದು ಲೆಕ್ಕ ಹೇಳುವುದು.

ನಾಲ್ಕು ಸಲ ತಿದ್ದಿದ ಮೇಲೆ ಸೆಪ್ಟೆಂಬರ್ 20ರಂದು ಬೆಳಿಗ್ಗೆ ಹನ್ನೊಂದಕ್ಕೆ ಹೋದ ಒಕ್ಕಣೆ ಇದು:

‘ಕಾಕು, ನಮಸ್ಕಾರ. ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯಿಂದ ಬರೆಯುತ್ತಿದ್ದೇನೆ. ನಿಮಗೇ ತಿಳಿಸಲು ನಿಮ್ಮ ಮೈದುನ ಹೇಳಿದರು.

ಕಾಕಾ ಹನ್ನೆರಡು ವರ್ಷ ನಮ್ಮಲ್ಲೇ ಬೀಜ, ಗೊಬ್ಬರ ಒಯ್ದವರು. ಪ್ರತಿ ಚೀಲದ ಹೊಲಿಗೆ ನೋಡಿಯೇ ಗಾಡಿಗೆ ಹಾಕಿಸುತ್ತಿದ್ದರು.

ಈ ಮುಂಗಾರಿನಲ್ಲಿ ಅವರು ಒಯ್ದದ್ದು 28,865 ರೂಪಾಯಿಯ ಸಾಮಾನು. ಜುಲೈ 20ರಂದು 10,000 ಕಟ್ಟಿದ್ದಾರೆ. ಅವರ ಖಾತೆಯಲ್ಲಿ 18,865 ಉಳಿದಿದೆ. ಆಗಸ್ಟ್‌ನಲ್ಲಿ ಬಂದ ಮೆಸೇಜಿನಲ್ಲಿದ್ದ 21,265 ತಪ್ಪು ಲೆಕ್ಕ, ಅದು ನಮ್ಮ ಕಡೆಯ ತಪ್ಪು. ಬಿಲ್ಲುಗಳ ಪ್ರತಿ ನಮ್ಮಲ್ಲಿವೆ. ಕಾಕಾ ಬರೆದಿಟ್ಟದ್ದು ಏನಾದರೂ ಇದ್ದರೆ ತಾಳೆ ನೋಡಿರಿ. ವ್ಯತ್ಯಾಸ ಕಂಡರೆ ತಿಳಿಸಿರಿ.

ಈಗ ಏನೂ ಕೊಡಬೇಕಾಗಿಲ್ಲ. ಮೆಕ್ಕೆಜೋಳ ಮಾರಾಟವಾದ ಮೇಲೆ ಮಾತಾಡೋಣ. ಇದಕ್ಕೆ ಬಡ್ಡಿ ಹಾಕುವುದಿಲ್ಲ ಎಂದು ಸಾವ್ಕಾರ್ರು ಹೇಳಿದ್ದಾರೆ. ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ. ಪೈರಿಗೆ ಏನಾದರೂ ಬೇಕಿದ್ದರೆ ಎಂದಿನಂತೆ ಹೇಳಿ ಕಳಿಸಿರಿ.’

ಕೆಳಗೆ ನನ್ನ ಹೆಸರು, ಸಾವ್ಕಾರ್ರ ಹೆಸರು, ಅಂಗಡಿಯ ನಂಬರ್ ಹಾಕಿದೆ. ಹಣ ಕಳಿಸುವ ಕ್ಯೂಆರ್ ಕೋಡ್ ಹಾಕಲಿಲ್ಲ. ‘ಈಗ ಬೇಡ’ ಎಂದು ಬರೆದು ಕೆಳಗೆ ಕ್ಯೂಆರ್ ಅಂಟಿಸಿದರೆ ಯಾರು ನಂಬುತ್ತಾರೆ?

ಚೀಲದ ಹೊಲಿಗೆಯ ಸಾಲನ್ನು ಬಿಡಬೇಕೋ ಇಡಬೇಕೋ ಎಂದು ಬಹಳ ಯೋಚಿಸಿದ್ದೆ. ‘ಅವರು ದೇವರಂಥ ಮನುಷ್ಯ’ ಎಂದು ಯಾರ ಬಗ್ಗೆಯೂ ಬರೆಯಬಹುದು. ಹೊಲಿಗೆ ನೋಡುತ್ತಿದ್ದದ್ದು ಕಾಕಾ ಒಬ್ಬರೇ. ಗೊತ್ತಿರುವ ನಿಜ ಒಂದಾದರೂ ಇದ್ದರೆ ಅದನ್ನು ಬರೆಯಬೇಕು, ಇಲ್ಲದಿದ್ದರೆ ಆ ಸಾಲನ್ನೇ ಬಿಡಬೇಕು. ಬಡ್ಡಿಯ ಮಾತನ್ನೂ ಸಾವ್ಕಾರ್ರು ಒಪ್ಪಿದ ಮೇಲೆಯೇ ಸೇರಿಸಿದ್ದು. ಕನಿಕರದ ಭರದಲ್ಲಿ ಲೆಕ್ಕ ಬರೆಯುವವನು ಕೊಟ್ಟ ಮಾತನ್ನು ಯಜಮಾನ ಆಮೇಲೆ ಮುರಿದರೆ, ಆ ಕನಿಕರವೇ ಮೋಸವಾಗುತ್ತದೆ.

ಹಳೆಯ ನೋಟ್‌ಬುಕ್

ಎರಡು ನೀಲಿ ಗೆರೆ ಬಿದ್ದವು. ಉತ್ತರ ಇಲ್ಲ. ಒಂದು ವಾರ, ಎರಡು ವಾರ. ನನಗೆ ಒಳಗೊಳಗೇ ಅಳುಕು. ಮತ್ತೊಂದು ಮೆಸೇಜ್ ಹಾಕಲೇ ಎಂದು ಕೇಳಿದರೆ ಸಾವ್ಕಾರ್ರು, ‘ಉತ್ತರ ಬ್ಯಾಡ ಅಂತ ನೀನ ಬರದಿ. ಈಗ ಸುಮ್ನ ಕುಂದ್ರು’ ಎಂದರು.

ಅಕ್ಟೋಬರ್ ಎರಡನೇ ವಾರ ಕಾಕು ಮಗಳ ಜೊತೆ ಅಂಗಡಿಗೆ ಬಂದರು. ಚೀಲದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಕಾಕಾ ತಮ್ಮ ಓರೆ ಅಕ್ಷರದಲ್ಲಿ ಪ್ರತಿ ಖರೀದಿಯನ್ನೂ ಬರೆದಿದ್ದರು. ಕೊನೆಯ ಸಾಲು ಜುಲೈ 20ರದ್ದು. ‘ಕೊಟ್ಟದ್ದು 10,000. ಉಳಿದದ್ದು 18,865.’

ಕಾಕು ಹೇಳಿದರು, ‘ಮೊದಲ ಮೆಸೇಜ್ ನೋಡಿ, ಇವರು ಸತ್ತವರ ಹೆಸರಿಗೆ ಹೆಚ್ಚಿಗಿ ಬರಕೊಂಡಾರ ಅಂತ ತಿಳದಿದ್ವಿ. ಎರಡನೇದು ಬಂದ ಮ್ಯಾಲ ಈ ಪುಸ್ತಕ ಹುಡುಕಿದ್ವಿ.’ ನಾನು ತಲೆ ಎತ್ತಲಿಲ್ಲ. ಬಿಲ್ ಪುಸ್ತಕ ಬಿಡಿಸಿ, ನೋಟ್‌ಬುಕ್ಕಿನ ಪಕ್ಕ ಇಟ್ಟು, ಮಗಳಿಗೆ ಒಂದೊಂದು ಸಾಲನ್ನೂ ತೋರಿಸಿದೆ. ಅವಳು ಪೆನ್ನಿನಿಂದ ತಾಳೆ ಗುರುತು ಹಾಕುತ್ತ ಹೋದಳು.

ಎಲ್ಲ ಕಡೆ ಹೀಗೆ ಆಗುವುದಿಲ್ಲ. ಅದೇ ವರ್ಷ ಇನ್ನೊಂದು ಮನೆಗೆ ಇದೇ ಬಗೆಯಲ್ಲಿ ಬರೆದೆವು. ಉತ್ತರ ಬರಲಿಲ್ಲ. ಸುಗ್ಗಿಯ ಹೊತ್ತಿಗೆ ಒಮ್ಮೆ ಫೋನ್ ಮಾಡಿದೆವು. ಹೊಲ ಮೊದಲೇ ಮಾರಿಹೋಗಿತ್ತು, ಹುಡುಗರು ಬೆಂಗಳೂರು ಸೇರಿದ್ದರು. ಸತ್ತವರು ಬಿಟ್ಟುಹೋದದ್ದೇ ಇಲ್ಲದಿದ್ದರೆ ಕೇಳುವುದಾದರೂ ಯಾರನ್ನು? 6,200 ರೂಪಾಯಿಯನ್ನು ಸಾವ್ಕಾರ್ರು ವಸೂಲಾಗದ ಬಾಕಿ ಎಂದು ಬರೆಸಿ ಖಾತೆ ಮುಚ್ಚಿಸಿದರು. ಚೆನ್ನಾಗಿ ಬರೆದ ಸಂದೇಶದಿಂದ ಹಣ ಬಂದೇ ಬರುತ್ತದೆ ಎಂದೇನಿಲ್ಲ.

ಕಾಕು ಡಿಸೆಂಬರ್‌ನಲ್ಲಿ 10,000 ಕಟ್ಟಿದರು. ಉಳಿದ 8,865 ಯುಗಾದಿಯ ಮುಂಚೆ ಬಂತು. ರಸೀದಿಯಲ್ಲಿ ‘ಕಾಕಾ ಅವರ ಖಾತೆಗೆ ಜಮಾ, ಕೊಟ್ಟವರು ಪತ್ನಿ’ ಎಂಬಂತೆ ಇಬ್ಬರ ಹೆಸರನ್ನೂ ಬರೆದೆ. ಕೊನೆಯ ಕಂತಿನ ದಿನ ‘ಈ ಖಾತೆಯಲ್ಲಿ ಇನ್ನು ಏನೂ ಬಾಕಿ ಇಲ್ಲ’ ಎಂದು ಬರೆದು, ಸಾವ್ಕಾರ್ರ ಸಹಿ ಹಾಕಿಸಿ ಕೊಟ್ಟೆ. ನಾಳೆ ಹೊಲದ ಖಾತೆ ಬದಲಾಗುವಾಗಲೋ ಪಾಲಾಗುವಾಗಲೋ ಯಾರಾದರೂ ಕೇಳಿದರೆ ತೋರಿಸಲು ಅವರ ಬಳಿ ಒಂದು ಕಾಗದ ಇರಬೇಕು.

ಈ ವರ್ಷ ಬಿತ್ತನೆಗೆ ಮೊದಲು ತಾಯಿ ಮಗಳು ಮತ್ತೆ ಬಂದರು. ಕಾಕು ಹೆಸರಿನಲ್ಲಿ ಹೊಸ ಖಾತೆ ತೆರೆದು, ಊರಿನ ಹೆಸರನ್ನೂ ಸೇರಿಸಿ ಬರೆದೆ. ಈಗ ನಮ್ಮಲ್ಲಿ ತಾನಾಗಿ ಹೋಗುವ ಬಾಕಿ ಸಂದೇಶ ಇಲ್ಲ. 24ನೇ ತಾರೀಕು ಪಟ್ಟಿ ತೆಗೆದು, ಸಾವ್ಕಾರ್ರ ಮುಂದೆ ಒಂದೊಂದೇ ಹೆಸರು ಓದಿ, ಅವರು ಹೂಂ ಅಂದ ಮೇಲೆಯೇ ಕಳಿಸುತ್ತೇನೆ. ಗಾಡಿಗೆ ಡಿಎಪಿ ಹಾಕುವಾಗ ಆ ಹುಡುಗಿ ಹಮಾಲರನ್ನು ತಡೆದಳು. ಬಗ್ಗಿ, ಪ್ರತಿ ಚೀಲದ ಹೊಲಿಗೆ ನೋಡಿದಳು.